↑↓ ಅಂದ್ರೆ ಮೊತ್ತ ಸೊನ್ನೆ ಅಲ್ವಾ? ಮತ್ತೆ ಅದು ಟ್ರಿಪ್ಲೆಟ್‌ಗೆ ಹೇಗೆ ಸೇರಿತು?

ಮೊದಲ ಸೆಮಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಸ್ಪಿನ್ ½ ಇರುವ ಎರಡು ಕಣ ಸೇರಿದರೆ ನಾಲ್ಕು ಜೋಡಿ ಆಗುತ್ತದೆ: ↑↑, ↑↓, ↓↑, ↓↓. ಇವುಗಳಿಂದ ಒಟ್ಟು ಸ್ಪಿನ್ 1 ಇರುವ ಮೂರು ಸ್ಥಿತಿ, ಅಂದರೆ ಟ್ರಿಪ್ಲೆಟ್, ಮತ್ತು ಸ್ಪಿನ್ 0 ಇರುವ ಒಂದು ಸ್ಥಿತಿ, ಅಂದರೆ ಸಿಂಗ್ಲೆಟ್, ಬರುತ್ತವೆ ಎಂದು ಪಾಠದಲ್ಲಿ ಹೇಳಿದರು. ↑↑ ಸರಿ, ಎರಡು ಅರ್ಧ ಕೂಡಿ 1. ↓↓ ಕೂಡ ಸರಿ. ಆದರೆ ನಡುವಿನದ್ದು (↑↓ + ↓↑)/√2. ಅದರಲ್ಲಿ ಯಾವಾಗಲೂ ಒಂದು ಮೇಲೆ, ಇನ್ನೊಂದು ಕೆಳಗೆ. ಕೂಡಿದರೆ ಸೊನ್ನೆ ತಾನೆ? ಅದನ್ನು ಸ್ಪಿನ್ 1 ಎನ್ನುತ್ತಾರೆ. ನಡುವೆ ಪ್ಲಸ್ ತೆಗೆದು ಮೈನಸ್ ಹಾಕಿದರೆ ಸ್ಪಿನ್ 0 ಎನ್ನುತ್ತಾರೆ. ಒಂದು ಚಿಹ್ನೆ ಅಷ್ಟು ದೊಡ್ಡ ವ್ಯತ್ಯಾಸ ಹೇಗೆ ಮಾಡುತ್ತದೆ?

ನಾನೇ ಲೆಕ್ಕ ಮಾಡಿ ನೋಡಿದೆ. ħ = 1 ಅಂತ ಇಟ್ಟುಕೊಂಡರೆ ಒಂದೊಂದು ಕಣಕ್ಕೂ S² = ¾. ಎರಡು ಸೇರಿ ¾ + ¾ = 3/2. ಆದರೆ ಸ್ಪಿನ್ 1 ಆದರೆ s(s+1) = 2 ಬರಬೇಕು, ಸ್ಪಿನ್ 0 ಆದರೆ 0. ನನಗೆ ಬಂದದ್ದು ಎರಡೂ ಅಲ್ಲ. ಇಂಟರ್ನಲ್ ಟೆಸ್ಟಿನಲ್ಲಿ ಇದನ್ನೇ ಬರೆದು ಮಾರ್ಕ್ಸ್ ಹೋಯಿತು. ಎಲ್ಲಿ ತಪ್ಪಿದೆ ಅಂತ ಯಾರೂ ತೋರಿಸಲಿಲ್ಲ.

ಬಾಣದ ಗುರಿ

ಇದು ಸುಲಭ. ಸ್ಪಿನ್ ಅನ್ನು ಬಾಣ ಅಂತ ಊಹಿಸಿಕೊಳ್ಳಿ. ಟ್ರಿಪ್ಲೆಟ್‌ನ ನಡುವಿನ ಸ್ಥಿತಿಯಲ್ಲಿ ಎರಡೂ ಬಾಣ ಸೇರಿದ ದೊಡ್ಡ ಬಾಣ ಅಡ್ಡಡ್ಡ ಮಲಗಿರುತ್ತದೆ. ಹಾಗಾಗಿ z ಕಡೆ ಅದರ ನೆರಳು ಸೊನ್ನೆ, ಉದ್ದ ಮಾತ್ರ ಸೊನ್ನೆ ಅಲ್ಲ. ಸಿಂಗ್ಲೆಟ್‌ನಲ್ಲಿ ಎರಡು ಬಾಣ ನೇರ ಎದುರುಬದುರು. ಮೊತ್ತ ಏನೂ ಉಳಿಯುವುದಿಲ್ಲ.

ಮೈನಸ್ ಚಿಹ್ನೆ ಪೌಲಿ ನಿಯಮದಿಂದ ಬರುವುದು. ಎರಡು ಎಲೆಕ್ಟ್ರಾನ್ ಒಂದೇ ಥರ ಇರುವುದರಿಂದ ಅದಲುಬದಲು ಮಾಡಿದರೆ ಚಿಹ್ನೆ ತಿರುಗಬೇಕು. ಬೇರೆ ಬೇರೆ ಕಣ ಆದರೆ ಸಿಂಗ್ಲೆಟ್, ಟ್ರಿಪ್ಲೆಟ್ ಅನ್ನುವ ಮಾತೇ ಬರುವುದಿಲ್ಲ.

ಹಳೇ ಮೇಷ್ಟ್ರು

ಬಾಣದ ಗುರಿಯವರ ಮೊದಲ ಮಾತು ಮುಕ್ಕಾಲು ಸರಿ. ಎರಡನೆಯದು ಸರಿಯಿಲ್ಲ. ಅದಕ್ಕೆ ಆಮೇಲೆ ಬರೋಣ, ಮೊದಲು ಪ್ರಶ್ನೆ ಕೇಳಿದವರ 3/2 ನೋಡೋಣ.

ಈ ತಪ್ಪನ್ನು ನಾನು ಎಷ್ಟೋ ಉತ್ತರ ಪತ್ರಿಕೆಯಲ್ಲಿ ನೋಡಿದ್ದೇನೆ. ನೀವು (a+b)² ಅನ್ನು a² + b² ಅಂತ ಬರೆದಿದ್ದೀರಿ. ಒಟ್ಟು ಸ್ಪಿನ್ S = S1 + S2. ವರ್ಗ ಮಾಡಿದರೆ S² = S1² + S2² + 2 S1·S2. ಆ ಕೊನೆಯ ಪದ ಬಿಟ್ಟುಹೋಗಿದೆ. ಸಿಂಗ್ಲೆಟ್ ಮತ್ತು ಟ್ರಿಪ್ಲೆಟ್ ನಡುವಿನ ಇಡೀ ವ್ಯತ್ಯಾಸ ಅದರಲ್ಲೇ ಕೂತಿದೆ.

S1·S2 ಅಂದರೆ ಬರೀ z ಭಾಗಗಳ ಗುಣಾಕಾರ ಅಲ್ಲ, x ಮತ್ತು y ಕೂಡ ಇವೆ. ಏರಿಸುವ, ಇಳಿಸುವ ಆಪರೇಟರ್‌ನಲ್ಲಿ ಬರೆದರೆ ಕೈಗೆ ಸಿಗುತ್ತದೆ:

S1·S2 = S1z S2z + ½ (S1+ S2− + S1− S2+)

ಇದನ್ನು ↑↓ ಮೇಲೆ ಹಾಕಿ. z ಭಾಗ (+½)(−½) = −¼ ಕೊಡುತ್ತದೆ, ↑↓ ಹಾಗೇ ಉಳಿಯುತ್ತದೆ. ಆವರಣದಲ್ಲಿ ಮೊದಲ ಪದ ↑ ಅನ್ನು ಇನ್ನೂ ಏರಿಸಲು ಹೋಗಿ ಸೊನ್ನೆ ಆಗುತ್ತದೆ. ಎರಡನೆಯದು ಮೊದಲ ಕಣವನ್ನು ಇಳಿಸಿ, ಎರಡನೆಯದನ್ನು ಏರಿಸಿ ↓↑ ಮಾಡುತ್ತದೆ. ಹಾಗಾಗಿ

S1·S2 (↑↓) = −¼ ↑↓ + ½ ↓↑
S1·S2 (↓↑) = −¼ ↓↑ + ½ ↑↓

ಇಲ್ಲಿ ಸ್ವಲ್ಪ ನಿಂತು ನೋಡಿ. ↑↓ ಹಾಕಿದರೆ ↑↓ ಮಾತ್ರ ವಾಪಸ್ ಬರಲಿಲ್ಲ, ↓↑ ಕೂಡ ಜೊತೆಗೆ ಬಂತು. ಅಂದರೆ ↑↓ ಗೆ ಒಟ್ಟು ಸ್ಪಿನ್ ಇಷ್ಟೇ ಅಂತ ಒಂದು ಬೆಲೆ ಇಲ್ಲವೇ ಇಲ್ಲ. ಈಗ ಎರಡನ್ನೂ ಕೂಡಿ: −¼ + ½ = +¼. ಕಳೆಯಿರಿ: −¼ − ½ = −¾. ಚಿಹ್ನೆ ಮಾಡುವ ಕೆಲಸ ಇಷ್ಟೇ. ↓↑ ಇಂದ ಬಂದ ಪಾಲು ಒಂದರಲ್ಲಿ ಸೇರುತ್ತದೆ, ಇನ್ನೊಂದರಲ್ಲಿ ಕಳೆಯುತ್ತದೆ.

ನಿಮ್ಮ 3/2 ಗೆ ಇದರ ಎರಡರಷ್ಟು ಸೇರಿಸಿ. ಪ್ಲಸ್‌ಗೆ 3/2 + ½ = 2. ಮೈನಸ್‌ಗೆ 3/2 − 3/2 = 0. ನೀವು ಹುಡುಕುತ್ತಿದ್ದ 2 ಮತ್ತು 0 ಇವೇ.

ಮೊದಲ ಸೆಮಿಸ್ಟರ್

ಸರ್, ತುಂಬಾ ಧನ್ಯವಾದ. ಕಾಗದದ ಮೇಲೆ ಮಾಡಿ ನೋಡಿದೆ, ಬಂತು. ಅಂದ್ರೆ ↑↓ ಮೇಲೆ S² ನ ಸರಾಸರಿ 3/2 − ½ = 1 ಬರುತ್ತದೆ. ಅದು 2 ಮತ್ತು 0 ರ ನಡುವಿನ ಬೆಲೆ. ಅರ್ಧ ಟ್ರಿಪ್ಲೆಟ್, ಅರ್ಧ ಸಿಂಗ್ಲೆಟ್. ಸರಿಯಾ?

ಆದರೂ ಮನಸ್ಸಿಗೆ ಪೂರ್ತಿ ಸಮಾಧಾನ ಆಗಿಲ್ಲ. ಲೆಕ್ಕ 2 ಅಂತ ಹೇಳುತ್ತದೆ, ಒಪ್ಪಿದೆ. ಆದರೆ ಅಳೆದಾಗಲೆಲ್ಲ ಒಂದು ↑ ಇನ್ನೊಂದು ↓ ಬಂದರೆ ಆ "1" ಇರುವುದೆಲ್ಲಿ? ಅದನ್ನು ಕಣ್ಣಾರೆ ನೋಡಲು ಆಗಲ್ವಾ?

ತುಂಗೆಯ ದಡ

ನೋಡಬಹುದು. ಅಳೆಯುವ ದಿಕ್ಕು ಬದಲಿಸಿ ಅಷ್ಟೇ. z ಬಿಟ್ಟು x ಕಡೆ ಅಳೆಯಿರಿ. x ಕಡೆಯ ಎರಡು ಸ್ಥಿತಿಗೆ → ಮತ್ತು ← ಅಂತ ಹೆಸರು ಇಡೋಣ. ಆಗ ↑ = (→ + ←)/√2 ಮತ್ತು ↓ = (→ − ←)/√2. ಇದನ್ನು ಹಾಕಿ ಬಿಡಿಸಿದರೆ:

↑↓ = ½ (→→ − →← + ←→ − ←←)
↓↑ = ½ (→→ + →← − ←→ − ←←)

ಕೂಡಿದರೆ ನಡುವಿನ ಎರಡು ಪದ ಹೊಡೆದುಹೋಗುತ್ತವೆ. ಪ್ಲಸ್ ಇರುವ ಸ್ಥಿತಿ (→→ − ←←)/√2 ಆಗುತ್ತದೆ. z ಕಡೆ ನೋಡಿದಾಗ ಯಾವತ್ತೂ ಒಂದೇ ಕಡೆ ಇರದ ಜೋಡಿ, x ಕಡೆ ನೋಡಿದಾಗ ಯಾವತ್ತೂ ಒಂದೇ ಕಡೆ ಇರುತ್ತದೆ! ಒಟ್ಟು Sx ಅಳೆದರೆ +1 ಇಲ್ಲ −1, ಸೊನ್ನೆ ಬರುವುದೇ ಇಲ್ಲ. ನೀವು ಹುಡುಕಿದ 1 ಅಲ್ಲಿತ್ತು.

ಈಗ ಕಳೆಯಿರಿ. ಕೊನೆಯಲ್ಲಿ ಉಳಿಯುವುದು −(→← − ←→)/√2. ಮುಂದಿನ ಮೈನಸ್ ಇಡೀ ಸ್ಥಿತಿಗೆ ಹತ್ತಿದ್ದು, ಅದರಿಂದ ಯಾವ ಅಳತೆಯೂ ಬದಲಾಗುವುದಿಲ್ಲ. ಅದನ್ನು ಬಿಟ್ಟರೆ ಅದೇ ರೂಪ. ಯಾವ ದಿಕ್ಕಿಗೆ ತಿರುಗಿಸಿದರೂ ಸಿಂಗ್ಲೆಟ್ ಹೀಗೇ ಇರುತ್ತದೆ, ಎಲ್ಲ ಕಡೆಯಿಂದಲೂ ಎದುರುಬದುರು. ಸ್ಪಿನ್ 0 ಅಂದರೆ ನಿಜವಾಗಿ ಇದೇ. ನಾನು ಇದನ್ನು ಮೊದಲ ಸಲ ಬಿಡಿಸಿದ ರಾತ್ರಿ ಮತ್ತೆ ಮತ್ತೆ ಬರೆದು ನೋಡಿದ್ದೆ, ಅಷ್ಟು ಇಷ್ಟವಾಗಿತ್ತು.

ಬಾಣದ ಗುರಿ

ನಾನು ಹೇಳಿದ್ದೂ ಅದೇ ಅಲ್ವಾ? ದೊಡ್ಡ ಬಾಣ ಮಲಗಿದೆ ಅಂತ.

ತುಂಗೆಯ ದಡ

ಹತ್ತಿರ ಬಂದಿದ್ದೀರಿ. ಆದರೆ ಮಲಗಿದ ಬಾಣ ಅಂದರೆ ಅದು x ಕಡೆಗೋ, y ಕಡೆಗೋ ಎಲ್ಲೋ ಒಂದು ಕಡೆ ಮುಖ ಮಾಡಿರಬೇಕು. ಈ ಸ್ಥಿತಿಯಲ್ಲಿ Sx ನ ಸರಾಸರಿ ಸೊನ್ನೆ, Sy ನ ಸರಾಸರಿಯೂ ಸೊನ್ನೆ. ಯಾವ ಕಡೆಗೂ ಮುಖ ಇಲ್ಲ. ವರ್ಗ ನೋಡಿದರೆ ಮಾತ್ರ Sx² = 1, Sy² = 1, Sz² = 0. ಕೂಡಿದರೆ 2. ಬಾಣದ ಚಿತ್ರ ಉದ್ದವನ್ನು ಸರಿಯಾಗಿ ಹೇಳುತ್ತದೆ, ಮುಖವನ್ನು ತಪ್ಪಾಗಿ ಹೇಳುತ್ತದೆ.

ಕೆಮಿಸ್ಟ್ರಿ ಮೇಡಂ

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಟ್ರಿಪ್ಲೆಟ್ ಅಂದ ಕೂಡಲೇ ಎಂಎಸ್ಸಿಯಲ್ಲಿ ನೋಡಿದ ಎಥನಾಲ್‌ನ ಎನ್‌ಎಂಆರ್ ನೆನಪಾಯಿತು. CH3 ಗುಂಪಿನ ಗೆರೆ 1:2:1 ಅಳತೆಯಲ್ಲಿ ಮೂರಾಗಿ ಒಡೆಯುತ್ತದೆ. ಅದನ್ನು ಟ್ರಿಪ್ಲೆಟ್ ಅಂತಲೇ ಕರೆಯುತ್ತೇವೆ. ನೀವು ಹೇಳುವ ಮೂರು ಸ್ಥಿತಿಯೇ ಆ ಮೂರು ಗೆರೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಹಾಗಿದ್ದರೆ ನಡುವಿನ ಗೆರೆ ಮಾತ್ರ ಯಾಕೆ ಎರಡರಷ್ಟು? ಟ್ರಿಪ್ಲೆಟ್‌ನ ಮೂರೂ ಸಮ ಇರಬೇಕಲ್ಲ?

ಹಳೇ ಮೇಷ್ಟ್ರು

ಮೇಡಂ, ಹೆಸರು ಒಂದೇ, ವಿಷಯ ಬೇರೆ. ಆದರೆ ನಿಮ್ಮ ಪ್ರಶ್ನೆಯಿಂದ ಒಂದು ಒಳ್ಳೆ ವಿಷಯ ಹೊರಗೆ ಬರುತ್ತದೆ.

CH3 ನೋಡುವುದು ಪಕ್ಕದ CH2 ನಲ್ಲಿರುವ ಎರಡು ಪ್ರೋಟಾನ್‌ಗಳ ಒಟ್ಟು z ಭಾಗವನ್ನು ಮಾತ್ರ. ಅದು +1, 0, −1 ಆಗಬಹುದು. +1 ಗೆ ಒಂದೇ ಸ್ಥಿತಿ, −1 ಗೆ ಒಂದೇ. ಸೊನ್ನೆಗೆ ಎರಡು: ಟ್ರಿಪ್ಲೆಟ್‌ನ ನಡುವಿನದ್ದು, ಜೊತೆಗೆ ಸಿಂಗ್ಲೆಟ್. ಅದಕ್ಕೇ 2. ನಿಮ್ಮ ಮೂರು ಗೆರೆಯಲ್ಲಿ ನಾಲ್ಕೂ ಸ್ಥಿತಿ ಇವೆ, ಸಿಂಗ್ಲೆಟ್ ನಡುವೆ ಅಡಗಿ ಕೂತಿದೆ.

ಇನ್ನೊಂದು. ಆ CH2 ನ ಎರಡು ಪ್ರೋಟಾನ್ ಒಂದಕ್ಕೊಂದು ಕೂಡ ಬೆಸೆದುಕೊಂಡಿವೆ. ಆದರೆ ಆ ಬೆಸುಗೆಯಿಂದ ಗೆರೆ ಒಡೆಯುವುದಿಲ್ಲ. ಯಾಕೆಂದರೆ ರೇಡಿಯೋ ಅಲೆ ಎರಡನ್ನೂ ಒಂದೇ ಥರ ತಳ್ಳುತ್ತದೆ. ಆ ತಳ್ಳು ಟ್ರಿಪ್ಲೆಟ್‌ನೊಳಗೇ ಓಡಾಡಿಸುತ್ತದೆ, ಸಿಂಗ್ಲೆಟ್‌ಗೆ ದಾಟಿಸಲು ಅದಕ್ಕೆ ಆಗುವುದಿಲ್ಲ.

ಕೆಮಿಸ್ಟ್ರಿ ಮೇಡಂ

ಒಂದೇ ಥರದ ಪ್ರೋಟಾನ್ ಒಂದನ್ನೊಂದು ಒಡೆಯುವುದಿಲ್ಲ ಅಂತ ನಿಯಮ ಹೇಳಿ ಮುಂದೆ ಹೋಗುತ್ತಿದ್ದೆವು. ಕಾರಣ ಇವತ್ತು ಸಿಕ್ಕಿತು. ಧನ್ಯವಾದ ಸರ್.

ರೇಡಿಯೋ ಕಿವಿ

ಪೌಲಿ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಬೇರೆ ಬೇರೆ ಕಣ ಆದರೆ ಸಿಂಗ್ಲೆಟ್, ಟ್ರಿಪ್ಲೆಟ್ ಇಲ್ಲ ಎನ್ನುವುದು ತಪ್ಪು. ಹೈಡ್ರೋಜನ್ ಅಣು ಬೇಡ, ಒಂಟಿ ಹೈಡ್ರೋಜನ್ ಪರಮಾಣು ತೆಗೆದುಕೊಳ್ಳಿ. ಒಂದು ಎಲೆಕ್ಟ್ರಾನ್, ಒಂದು ಪ್ರೋಟಾನ್. ಎರಡೂ ಸ್ಪಿನ್ ½, ಎರಡೂ ಬೇರೆ ಬೇರೆ. ಪೌಲಿಗೆ ಇಲ್ಲಿ ಕೆಲಸವೇ ಇಲ್ಲ. ಆದರೂ ಕೆಳಗಿನ ಮಟ್ಟ ಸಿಂಗ್ಲೆಟ್, ಮೇಲಿನದು ಟ್ರಿಪ್ಲೆಟ್.

ಕಾರಣ ಅವುಗಳ ನಡುವಿನ ಕಾಂತೀಯ ಎಳೆತ. ಅದರ ಶಕ್ತಿ A S1·S2 ರೂಪದಲ್ಲಿದೆ. ಮೇಷ್ಟ್ರು ತೆಗೆದ ಬೆಲೆ ಹಾಕಿ: ಟ್ರಿಪ್ಲೆಟ್ +A/4 ಗೆ ಏರುತ್ತದೆ, ಸಿಂಗ್ಲೆಟ್ −3A/4 ಗೆ ಇಳಿಯುತ್ತದೆ. ಮೂರು ಸ್ಥಿತಿ ಕಾಲು ಕಾಲು ಏರಿದ್ದು, ಒಂದು ಸ್ಥಿತಿ ಮುಕ್ಕಾಲು ಇಳಿದದ್ದು. ಲೆಕ್ಕ ಸರಿಹೋಯಿತು. ನಡುವಿನ ಅಂತರ ಪೂರ್ತಿ A. ಅದು 1420.4 ಮೆಗಾಹರ್ಟ್ಸ್, ಅಂದರೆ 21 ಸೆಂ.ಮೀ. ಅಲೆ. ಇದನ್ನು ಆಕಾಶದಿಂದ ಕೇಳಬಹುದು ಎಂದು 1944ರಲ್ಲಿ ವಾನ್ ಡಿ ಹುಲ್ಸ್ಟ್ ಹೇಳಿದರು. 1951ರಲ್ಲಿ ಹಾರ್ವರ್ಡ್‌ನಲ್ಲಿ ಈವೆನ್ ಮತ್ತು ಪರ್ಸೆಲ್ ಕೇಳಿದರು. ಪುಣೆ ಹತ್ತಿರದ ಜಿಎಂಆರ್‌ಟಿ ದೂರದರ್ಶಕ ಕೇಳುವುದರಲ್ಲಿ ಇದೂ ಒಂದು.

ಈಗ ಪ್ರಶ್ನೆ ಕೇಳಿದವರಿಗೆ. ಈ ಪರಮಾಣುವನ್ನು ನೀವು ಹೇಗೋ ↑↓ ಸ್ಥಿತಿಯಲ್ಲಿ ಇಟ್ಟಿರಿ ಅಂತ ಇಟ್ಟುಕೊಳ್ಳಿ. ಎಲೆಕ್ಟ್ರಾನ್ ಮೇಲೆ, ಪ್ರೋಟಾನ್ ಕೆಳಗೆ. ಅದು ಹಾಗೇ ನಿಲ್ಲುವುದಿಲ್ಲ. ನೀವೇ ಹೇಳಿದಂತೆ ಅದು ಅರ್ಧ ಟ್ರಿಪ್ಲೆಟ್, ಅರ್ಧ ಸಿಂಗ್ಲೆಟ್. ಎರಡರ ಶಕ್ತಿ ಬೇರೆ, ಹಾಗಾಗಿ ಎರಡರ ಫೇಸ್ ಬೇರೆ ಬೇರೆ ವೇಗದಲ್ಲಿ ಓಡುತ್ತದೆ. ಸುಮಾರು 0.35 ನ್ಯಾನೋ ಸೆಕೆಂಡ್ ಕಳೆದಾಗ ಎರಡರ ನಡುವೆ ಒಂದು ಮೈನಸ್ ಬಂದಿರುತ್ತದೆ. ಆ ಹೊತ್ತಿಗೆ ↑↓ ಪೂರ್ತಿ ↓↑ ಆಗಿರುತ್ತದೆ. ಇನ್ನೂ ಅಷ್ಟು ಹೊತ್ತಿಗೆ ವಾಪಸ್. ಪ್ಲಸ್, ಮೈನಸ್ ಬರೀ ಬರವಣಿಗೆಯ ಚಿಹ್ನೆ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ.

ಬಾಣದ ಗುರಿ

ಪೌಲಿ ಬಗ್ಗೆ ನನ್ನ ತಿಳುವಳಿಕೆ ತಪ್ಪು, ಒಪ್ಪಿಕೊಂಡೆ. ಹೀಲಿಯಂ ಉದಾಹರಣೆ ಓದಿ ಹಾಗೆ ಅಂದುಕೊಂಡಿದ್ದೆ. ಆದರೆ ಒಂದು ಕೇಳಲಾ? ಕಾಂತಕ್ಷೇತ್ರ ಹಾಕಿದರೆ? ಎಲೆಕ್ಟ್ರಾನ್‌ನ ಕಾಂತತೆ ಪ್ರೋಟಾನ್‌ಗಿಂತ ಆರುನೂರ ಐವತ್ತು ಪಟ್ಟು ಜಾಸ್ತಿ. ಆಗ ಎಲೆಕ್ಟ್ರಾನ್ ಕ್ಷೇತ್ರದ ಮಾತು ಕೇಳುತ್ತದೆಯೇ ಹೊರತು ಪ್ರೋಟಾನ್ ಮಾತು ಕೇಳುವುದಿಲ್ಲ.

ರೇಡಿಯೋ ಕಿವಿ

ಒಳ್ಳೆ ಪ್ರಶ್ನೆ. ಅಲ್ಲೇ ಈ ಸಿಂಗ್ಲೆಟ್, ಟ್ರಿಪ್ಲೆಟ್ ಲೆಕ್ಕದ ಎಲ್ಲೆ ಇರುವುದು. ಕ್ಷೇತ್ರ ಎರಡನ್ನೂ ಒಂದೇ ಥರ ಎಳೆಯುವುದಿಲ್ಲ. ಹಾಗಾಗಿ ಅದು ಸಿಂಗ್ಲೆಟ್ ಮತ್ತು ನಡುವಿನ ಟ್ರಿಪ್ಲೆಟ್ ಅನ್ನು ಬೆರೆಸುತ್ತದೆ. ↑↑ ಮತ್ತು ↓↓ ಗೆ ಏನೂ ಆಗುವುದಿಲ್ಲ, ಅವುಗಳ ಜೊತೆ ಬೆರೆಯಲು ಒಟ್ಟು z ಭಾಗ ಅಷ್ಟೇ ಇರುವ ಬೇರೆ ಸ್ಥಿತಿ ಇಲ್ಲ.

ಎಷ್ಟು ಕ್ಷೇತ್ರ ಬೇಕು ಅಂದರೆ, ಎಲೆಕ್ಟ್ರಾನ್‌ನ ಸೀಳು A ಗೆ ಸಮ ಆಗುವಷ್ಟು. ಎಲೆಕ್ಟ್ರಾನ್ ಒಂದು ಟೆಸ್ಲಾಗೆ ಸುಮಾರು 28 ಗಿಗಾಹರ್ಟ್ಸ್ ಸೀಳುತ್ತದೆ. 1.42 ಅನ್ನು 28 ರಿಂದ ಭಾಗಿಸಿದರೆ ಸುಮಾರು 0.05 ಟೆಸ್ಲಾ. ಆ ಜಾಗದಲ್ಲಿ ಕೆಳಗಿನ ಸ್ಥಿತಿ ಸುಮಾರು 85% ಸಿಂಗ್ಲೆಟ್, 15% ಟ್ರಿಪ್ಲೆಟ್. ಕ್ಷೇತ್ರ ಇನ್ನೂ ಏರಿಸಿದರೆ ಎರಡೂ ಅರ್ಧ ಅರ್ಧದ ಕಡೆ ಹೋಗುತ್ತವೆ, ಅಂದರೆ ↑↓ ಮತ್ತು ↓↑ ಗಳೇ ನಿಲ್ಲುವ ಸ್ಥಿತಿಗಳು ಆಗುತ್ತವೆ. ಭೂಮಿಯ ಕ್ಷೇತ್ರ ಇದರ ಸಾವಿರದಲ್ಲಿ ಒಂದು ಪಾಲು. ಅಲ್ಲಿ ಸಿಂಗ್ಲೆಟ್ ಸಿಂಗ್ಲೆಟ್ಟೇ.

ಕೋಡು ಬರೆಯುವವ

ಕೈಯಲ್ಲಿ ಮಾಡಿದ್ದನ್ನು ಪರೀಕ್ಷಿಸಲು ಒಂದು ಸಣ್ಣ ತುಣುಕು. ನನಗೆ ಇದರಲ್ಲೇ ಒಂದು ದಿನ ಹೋಗಿದೆ, ಬೇರೆಯವರಿಗೆ ಹೋಗುವುದು ಬೇಡ.

```
import numpy as np
sx = np.array([[0,1],[1,0]])/2
sy = np.array([[0,-1j],[1j,0]])/2
sz = np.array([[1,0],[0,-1]])/2
I = np.eye(2)
T = [np.kron(s,I) + np.kron(I,s) for s in (sx,sy,sz)]
S2 = sum(t @ t for t in T)
w, v = np.linalg.eigh(S2 + 0.1*T[2])
print(w.round(3))
print(v.round(3))
```

ಬೆಲೆಗಳು 0, 1.9, 2, 2.1 ಬರುತ್ತವೆ. ಆ `0.1*T[2]` ಯಾಕೆ ಅಂದರೆ, ಬರೀ `S2` ಕೊಟ್ಟರೆ ಟ್ರಿಪ್ಲೆಟ್‌ನ ಮೂರಕ್ಕೂ ಒಂದೇ ಬೆಲೆ 2. ಆಗ ಆ ಮೂರನ್ನು ಹೇಗೆ ಬೆರೆಸಿ ಕೊಟ್ಟರೂ ಕಂಪ್ಯೂಟರ್ ಪ್ರಕಾರ ಸರಿಯೇ. ನಮಗೆ ಬೇಕಾದ ↑↑, ↓↓ ಬಿಡಿಬಿಡಿಯಾಗಿ ಸಿಗುತ್ತವೆ ಅನ್ನುವ ಖಾತ್ರಿ ಇಲ್ಲ. ಸ್ವಲ್ಪ Sz ಸೇರಿಸಿದರೆ ಮೂರೂ ಬೇರೆ ಆಗುತ್ತವೆ. ನನ್ನ ದೊಡ್ಡ ಪ್ರೋಗ್ರಾಂನಲ್ಲಿ ಇದನ್ನು ಮಾಡದೆ, ನನ್ನ ಗಣಿತವೇ ತಪ್ಪು ಅಂತ ಹುಡುಕುತ್ತಾ ಕೂತಿದ್ದೆ.

ಹಳೇ ಮೇಷ್ಟ್ರು

ಕಂಪ್ಯೂಟರ್ ಇಲ್ಲದೆಯೂ ಒಂದು ಪರೀಕ್ಷೆ ಇದೆ. ನಿಮ್ಮ ಸ್ಥಿತಿಯ ಮೇಲೆ ಒಟ್ಟು ಇಳಿಸುವ ಆಪರೇಟರ್ S− = S1− + S2− ಹಾಕಿ. ಸಿಂಗ್ಲೆಟ್ ಆದರೆ ಸೊನ್ನೆ ಬರಲೇಬೇಕು: ↑↓ ಇಂದ ↓↓, ↓↑ ಇಂದಲೂ ↓↓, ಮೈನಸ್ ಇರುವುದರಿಂದ ಎರಡೂ ಹೊಡೆದುಹೋಗುತ್ತವೆ. ಪ್ಲಸ್ ಆದರೆ √2 ↓↓ ಉಳಿಯುತ್ತದೆ. ಪರೀಕ್ಷೆಯಲ್ಲಿ ಚಿಹ್ನೆ ಮರೆತರೆ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ. ಮಕ್ಕಳಿಗೆ ಬಾಣದ ಚಿತ್ರ ಬಿಡಿಸಿ ತೋರಿಸುವುದನ್ನು ನಾನು ಬಹಳ ಹಿಂದೆಯೇ ನಿಲ್ಲಿಸಿದೆ, ಅದರ ಬದಲು ಇದನ್ನೇ ಮಾಡಿಸುತ್ತಿದ್ದೆ.

ಬಾಣದ ಗುರಿ

ಅದನ್ನು ಮಾತ್ರ ಒಪ್ಪಲಾರೆ ಸರ್. ಚಿತ್ರ ಇಲ್ಲದಿದ್ದರೆ ನಾನು ಈ ವಿಷಯದ ಹತ್ತಿರವೇ ಬರುತ್ತಿರಲಿಲ್ಲ. ಮೊದಲು ಚಿತ್ರ, ಆಮೇಲೆ ಅದು ಎಲ್ಲಿ ಕೈಕೊಡುತ್ತದೆ ಅಂತ ತೋರಿಸಬಹುದಲ್ಲ?

ಹಳೇ ಮೇಷ್ಟ್ರು

ತೋರಿಸಬಹುದು. ಆದರೆ ಹೆಚ್ಚಿನವರ ಮನಸ್ಸಿನಲ್ಲಿ ಚಿತ್ರ ಉಳಿಯುತ್ತದೆ, ಕೈಕೊಡುವ ಜಾಗ ಉಳಿಯುವುದಿಲ್ಲ. ನನ್ನ ಅನುಭವ ಅದು.

ಮೊದಲ ಸೆಮಿಸ್ಟರ್

x ಕಡೆಯದ್ದು ಬಿಡಿಸಿದೆ. y ಕಡೆಗೂ ನಾನೇ ಮಾಡಿದೆ, ಅಲ್ಲೂ ಎರಡೂ ಒಂದೇ ಕಡೆ ಬಂತು. S− ಪರೀಕ್ಷೆಯೂ ಮಾಡಿದೆ. ಈಗ ಆ 1 ಎಲ್ಲಿದೆ ಅಂತ ಗೊತ್ತಾಯಿತು.

ಮುಂದೆ ಹೋಗಿ ಮೂರು ಸ್ಪಿನ್ ½ ಸೇರಿಸಲು ನೋಡಿದೆ. ಒಟ್ಟು 8 ಸ್ಥಿತಿ. ಮೊದಲ ಎರಡರ ಟ್ರಿಪ್ಲೆಟ್ ಜೊತೆ ಮೂರನೆಯದು ಸೇರಿದರೆ 4 + 2, ಸಿಂಗ್ಲೆಟ್ ಜೊತೆ ಸೇರಿದರೆ 2. ಸರಿ, 8 ಆಯಿತು. ಆದರೆ ಸ್ಪಿನ್ ½ ಇರುವ ಜೋಡಿ ಎರಡು ಬಂದವು. ಎರಡನೆಯ, ಮೂರನೆಯ ಕಣವನ್ನು ಮೊದಲು ಸೇರಿಸಿ ನೋಡಿದರೆ ಬೇರೆಯೇ ಎರಡು ಜೋಡಿ ಬಂದವು. ಯಾವುದು ನಿಜವಾದದ್ದು?

ತುಂಗೆಯ ದಡ

ಎರಡೂ. ಒಂದು ಜೋಡಿಯನ್ನು ಇನ್ನೊಂದರ ಮಿಶ್ರಣವಾಗಿ ಬರೆಯಬಹುದು, ಬರೆದು ನೋಡಿ. ಯಾವುದು ಬೇಕು ಅಂತ ಆರಿಸುವುದು ಕಣಗಳ ನಡುವಿನ ಬೆಸುಗೆ. ಮೊದಲ ಎರಡು ಮಾತ್ರ ಗಟ್ಟಿಯಾಗಿ ಬೆಸೆದಿದ್ದರೆ ನಿಮ್ಮ ಮೊದಲ ಲೆಕ್ಕದ್ದು.

ಮೊದಲ ಸೆಮಿಸ್ಟರ್

ಮೂರೂ ಒಂದು ತ್ರಿಕೋನದ ಮೂಲೆಯಲ್ಲಿದ್ದು, ಮೂರು ಬೆಸುಗೆಯೂ ಸಮ ಇದ್ದರೆ?

ತುಂಗೆಯ ದಡ

ಆಗ ಎರಡು ಜೋಡಿಗೂ ಒಂದೇ ಶಕ್ತಿ, ಬೆಸುಗೆ ಯಾವುದನ್ನೂ ಆರಿಸುವುದಿಲ್ಲ. ತ್ರಿಕೋನವನ್ನು ತಿರುಗಿಸಿದರೆ ಏನಾಗುತ್ತದೆ ಅನ್ನುವ ಕಡೆಯಿಂದ ನೋಡಬೇಕು. ನಾನು ಒಂದು ರೀತಿ ಬಿಡಿಸಿದ್ದೇನೆ, ಅದರಲ್ಲಿ ಕಾಂಪ್ಲೆಕ್ಸ್ ಸಂಖ್ಯೆಗಳು ಬರುತ್ತವೆ. ನೀವು ಮೊದಲು ನಿಮ್ಮದು ಹಾಕಿ, ಹೋಲಿಸಿ ನೋಡೋಣ.